214 ಆಟಗಳ ಬಾಕಿ ಪುಸ್ತಕ: ಒಂದು ಬೇಸಿಗೆಯ ಲಾಗ್

ನಾನು ಕಲಬುರಗಿಯ ಒಂದು ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ತೊಗರಿ ಸೀಸನ್, ಆಟದ ಮಾತೇ ಇಲ್ಲ. ಮಾರ್ಚ್ 31ಕ್ಕೆ ವರ್ಷದ ಲೆಕ್ಕ ಮುಗಿಸುವಾಗ, ಯಾರಿಂದ ದುಡ್ಡು ಇನ್ನು ಬರುವುದಿಲ್ಲ ಅಂತ ಖಾತ್ರಿ ಆಗಿದೆಯೋ ಅವರ ಬಾಕಿಯನ್ನು ಪುಸ್ತಕದಿಂದ ತೆಗೆದುಹಾಕುತ್ತೇವೆ. ಈ ಕೆಲಸ ನನಗೆ ಹತ್ತು ವರ್ಷದಿಂದ ಗೊತ್ತು. ಅದನ್ನು ನನ್ನ ಕಂಪ್ಯೂಟರ್ ಆಟಗಳ ಮೇಲೆ ಮಾಡಬೇಕು ಅಂತ ಹೊಳೆದದ್ದು ಮಾತ್ರ ಈ ವರ್ಷ.

ಹೊಳೆಸಿದ್ದು ವಿಂಡೋಸ್. ಅಪ್‌ಡೇಟ್‌ಗೆ ಜಾಗ ಇಲ್ಲ ಅಂತ ನಿಂತುಬಿಟ್ಟಿತ್ತು. 512 ಜಿಬಿ ಎಸ್‌ಎಸ್‌ಡಿಯಲ್ಲಿ 9 ಜಿಬಿ ಉಳಿದಿತ್ತು. ಆಟಗಳು 11 ಇದ್ದವು, ಅದರಲ್ಲಿ ಆರು ತಿಂಗಳಿಂದ ತೆರೆದದ್ದು ಒಂದೇ.

ಏಪ್ರಿಲ್ 6, ಭಾನುವಾರ. ಎಣಿಕೆ

ಸಾಮಾನು: ಲ್ಯಾಪ್‌ಟಾಪ್ (16 ಜಿಬಿ ರ‍್ಯಾಮ್, ಜಿಟಿಎಕ್ಸ್ 1650), ಒಂದು ಸ್ಪ್ರೆಡ್‌ಶೀಟ್, 40 ರೂಪಾಯಿಯ ಒಂದು ನೋಟ್‌ಬುಕ್.

ಆಟ ಮಾರುವ ಮೂರು ಆನ್‌ಲೈನ್ ಅಂಗಡಿಗಳಲ್ಲಿ ನನ್ನ ಖಾತೆ ಇದೆ. ಸ್ಟೀಮ್‌ನಲ್ಲಿ 96 ಆಟ, ಎಪಿಕ್‌ನಲ್ಲಿ 103, ಜಿಒಜಿಯಲ್ಲಿ 15. ಒಟ್ಟು 214. ಎಪಿಕ್‌ನ ಸಂಖ್ಯೆ ನೋಡಿ ನಾನೇ ಗಾಬರಿಯಾದೆ. ಅದರಲ್ಲಿ ದುಡ್ಡು ಕೊಟ್ಟು ತಗೊಂಡದ್ದು ಮೂರೇ. ಉಳಿದ 100 ಬಿಟ್ಟಿ ಬಂದವು. ಆ ಅಂಗಡಿ 2018ರ ಡಿಸೆಂಬರ್‌ನಿಂದ ಬಿಟ್ಟಿ ಆಟ ಹಂಚುತ್ತಾ ಬಂದಿದೆ, ಗುರುವಾರ ಗುರುವಾರ ಆಟ ಬದಲಾಗುತ್ತದೆ. ನಮ್ಮೂರಿನವರು ಗುರುವಾರ ಬಂದೇನವಾಜ್ ದರ್ಗಾಕ್ಕೆ ಹೋಗುತ್ತಾರೆ. ನಾನು ಎಪಿಕ್‌ಗೆ ಹೋಗಿ ಗುಂಡಿ ಒತ್ತಿ ಬರುತ್ತಿದ್ದೆ.

ಶೀಟ್‌ನಲ್ಲಿ ಮೂರು ಗುಂಪು ಮಾಡಿದೆ. ಮುಗಿಸಿದ್ದು 22. ಶುರು ಮಾಡಿ ಬಿಟ್ಟದ್ದು 61. ಒಮ್ಮೆಯೂ ತೆರೆಯದ್ದು 131. ಇಷ್ಟಕ್ಕೆ ಮೂರು ಗಂಟೆ ಹಿಡಿಯಿತು. ಸ್ಟೀಮ್ ಪಟ್ಟಿಯನ್ನು ಆಡಿದ ಹೊತ್ತಿನ ಪ್ರಕಾರ ಜೋಡಿಸಿದರೆ ಬೇಗ ಆಗುತ್ತದೆ. ಎಪಿಕ್‌ನಲ್ಲಿ ಒಂದೊಂದೇ ನೋಡುತ್ತಾ ಹೋದೆ.

ಏಪ್ರಿಲ್ 7ರಿಂದ 19. ಮೊದಲ ಎರಡು ತಪ್ಪು

ತಪ್ಪು ಒಂದು. ಹಳೆಯದರಿಂದ ಶುರು ಮಾಡಿ ಎಲ್ಲವನ್ನೂ ಮುಗಿಸಿಯೇ ತೀರುತ್ತೇನೆ ಅಂತ ಹೊರಟೆ. ಖರೀದಿ ದಿನಾಂಕದ ಪ್ರಕಾರ ಸಾಲು ಹಚ್ಚಿದೆ. ಮೊದಲನೆಯದು ಲಿಂಬೋ. ಚಿಕ್ಕ ಆಟ, ನಾಲ್ಕು ಗಂಟೆಯಲ್ಲಿ ಮುಗಿಯಿತು. ಬಹಳ ಖುಷಿಯಾಯಿತು. ಎರಡನೆಯದು ಒಂದು ಹಳೆಯ ಯುದ್ಧದ ಆಟ. ನನಗೆ ಆಗಲೂ ಹಿಡಿಸಿರಲಿಲ್ಲ, ಈಗಲೂ ಹಿಡಿಸಲಿಲ್ಲ. ಆದರೂ ಸಾಲಿನಲ್ಲಿ ಅದೇ ಇದೆ ಅಂತ ಐದು ದಿನ ತಿಣುಕಿದೆ. ಆರನೇ ದಿನ ಲ್ಯಾಪ್‌ಟಾಪ್ ತೆರೆಯಲೇ ಇಲ್ಲ. ಬೇಡದ ಆಟ ಮೊದಲಿಗೆ ನಿಂತರೆ ಬೇಕಾದ ಆಟವೂ ಹಿಂದೆ ಕೂತಿರುತ್ತದೆ, ಕಾಟಾ ಮುಂದೆ ಕೆಟ್ಟು ನಿಂತ ಲಾರಿಯ ಹಿಂದಿನ ಲಾರಿಗಳ ಹಾಗೆ.

ತಪ್ಪು ಎರಡು. ಜಾಗ ಇಲ್ಲ ಅಲ್ವಾ ಅಂತ ಸುಪರ್ ಮಾರ್ಕೆಟ್‌ಗೆ ಹೋಗಿ 4,200 ರೂಪಾಯಿ ಕೊಟ್ಟು 1 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತಂದೆ. ಅಳಿಸಲು ಮನಸ್ಸಾಗದ ಏಳು ಆಟಗಳನ್ನು ಅದಕ್ಕೆ ಸಾಗಿಸಿದೆ. ಎಸ್‌ಎಸ್‌ಡಿಯಲ್ಲಿ ಅರ್ಧ ನಿಮಿಷಕ್ಕೆ ತೆರೆಯುತ್ತಿದ್ದ ಆಟ ಅದರಿಂದ ಎರಡೂವರೆ ನಿಮಿಷ ತಗೊಂಡಿತು. ಹಾಗಾಗಿ ಅವನ್ನು ಇನ್ನೂ ಕಡಿಮೆ ತೆರೆದೆ. ಅಂದರೆ ನಾನು ಕೊಂಡದ್ದು ಜಾಗ ಅಲ್ಲ, ತೀರ್ಮಾನವನ್ನು ಮುಂದೂಡುವ ಪೆಟ್ಟಿಗೆ. ಆ ಡಿಸ್ಕ್ ಆಮೇಲೆ, ಆಟ ಎಲ್ಲಿಯವರೆಗೆ ಬಂದಿದೆ ಅಂತ ನೆನಪಿಡುವ ಸೇವ್ ಫೈಲ್ ಇಡಲು ಉಪಯೋಗಕ್ಕೆ ಬಂತು. ಆದರೆ ಅದಕ್ಕೆ 200 ರೂಪಾಯಿಯ ಪೆನ್‌ಡ್ರೈವ್ ಸಾಕಿತ್ತು.

ಏಪ್ರಿಲ್ 20. ನನ್ನ ಹತ್ತಿರ ನಿಜವಾಗಿ ಎಷ್ಟು ಹೊತ್ತು ಇದೆ?

ಈ ಎರಡು ವಾರ ಆಡಿದ ಹೊತ್ತನ್ನು ನೋಟ್‌ಬುಕ್‌ನಲ್ಲಿ ಬರೆಯುತ್ತಿದ್ದೆ. ವಾರಕ್ಕೆ 12 ಗಂಟೆಯಾದರೂ ಆಡುತ್ತೇನೆ ಅಂತ ನನ್ನ ಅಂದಾಜು. ಕೂಡಿಸಿದರೆ ಎರಡು ವಾರಕ್ಕೆ 11 ಗಂಟೆ 50 ನಿಮಿಷ. ವಾರಕ್ಕೆ ಹೆಚ್ಚುಕಡಿಮೆ 6 ಗಂಟೆ.

ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಏಪ್ರಿಲ್‌ನ ಕಲಬುರಗಿ. ಮಧ್ಯಾಹ್ನ 42 ಡಿಗ್ರಿ ಬಿಸಿಲಿನಲ್ಲಿ ಲ್ಯಾಪ್‌ಟಾಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಮುಂಜಾನೆ ಸೆಕೆಂಡಿಗೆ 60 ಫ್ರೇಮ್ ಕೊಡುವ ಆಟ ಮಧ್ಯಾಹ್ನ 35ಕ್ಕೆ ಬಂದು ಕೂರುತ್ತದೆ. ಸಂಜೆ ಕರೆಂಟ್ ಹೋಗುತ್ತದೆ, ರಾತ್ರಿ ಕಣ್ಣು ಎಳೆಯುತ್ತದೆ. ಉಳಿಯುವುದು ಮುಂಜಾನೆ ಐದೂವರೆಯಿಂದ ಏಳು. ಒಂದು ದಿನ ಅವ್ವ ಕಸ ಹೊಡೆಯುತ್ತಾ ನಿಂತು ನೋಡಿ, “ಪರೀಕ್ಷಾ ಇದ್ದಾಗ ಇಷ್ಟು ನಸುಕಿನ್ಯಾಗ ಎದ್ದಿದ್ಯೇನೋ?” ಅಂದಳು. ಉತ್ತರ ಕೊಡಲಿಲ್ಲ.

ಹೌಲಾಂಗ್‌ಟುಬೀಟ್ ಅಂತ ಒಂದು ತಾಣ ಇದೆ, ಯಾವ ಆಟಕ್ಕೆ ಎಷ್ಟು ಗಂಟೆ ಬೇಕು ಅಂತ ಆಡಿದವರೇ ಬರೆದ ಲೆಕ್ಕ ಅಲ್ಲಿ ಸಿಗುತ್ತದೆ. ಮುಗಿಸದ 192 ಆಟಗಳಿಗೂ ಅದರ ಅಂಕಿ ಹಾಕಿ ಕೂಡಿಸಿದೆ. ಸುಮಾರು 3,300 ಗಂಟೆ. ವಾರಕ್ಕೆ 6ರ ಹಾಗೆ 550 ವಾರ. ಒಂದೂ ಹೊಸ ಆಟ ಕೊಳ್ಳದೆ, ತೊಗರಿ ಸೀಸನ್‌ನಲ್ಲೂ ಬಿಡದೆ ಆಡಿದರೆ ಹತ್ತೂವರೆ ವರ್ಷ.

ಇದನ್ನು ನೋಡಿದ ಮೇಲೆ ಬೇಸರದ ಬದಲು ನಗು ಬಂತು. ಇದು ತೀರಿಸುವ ಸಾಲವೇ ಅಲ್ಲ.

ಏಪ್ರಿಲ್ 27. ಸರಕು ಬೇರೆ, ಬಾಕಿ ಬೇರೆ

ಮಿಲ್ಲಿನಲ್ಲಿ ಗೋಡೌನ್‌ನ ತೊಗರಿಯನ್ನೂ ಗಿರಾಕಿ ಕೊಡಬೇಕಾದ ದುಡ್ಡನ್ನೂ ಒಂದೇ ಪುಟದಲ್ಲಿ ಬರೆದರೆ ಸಾಹುಕಾರರು ನನ್ನನ್ನು ಮನೆಗೆ ಕಳಿಸುತ್ತಾರೆ. ಆಟಗಳಲ್ಲಿ ನಾನು ಅದನ್ನೇ ಮಾಡಿದ್ದೆ. ತೆರೆಯದ 131 ಆಟಗಳು ಸರಕು. ಅವುಗಳ ಜೊತೆ ನನಗೆ ಯಾವ ಮಾತುಕತೆಯೂ ಆಗಿಲ್ಲ. ಬೇಳೆಗಾದರೆ ಹುಳ ಬೀಳುತ್ತದೆ, ಇವಕ್ಕೆ ಅದೂ ಇಲ್ಲ. ಅವನ್ನು ಬೇರೆ ಹಾಳೆಗೆ ಸಾಗಿಸಿ, ಗಂಟೆಯ ಲೆಕ್ಕ ಅಳಿಸಿ, ಹಾಳೆ ಮುಚ್ಚಿದೆ.

ಉಳಿದದ್ದು ಶುರು ಮಾಡಿ ಬಿಟ್ಟ 61. ಇದರಲ್ಲೂ 9 ಆಟಗಳಿಗೆ ಮುಗಿಯುವುದು ಅನ್ನುವುದೇ ಇಲ್ಲ. ರಾಕೆಟ್ ಲೀಗ್ ಯಾವತ್ತು ಮುಗಿಯುತ್ತದೆ? ಸ್ಟಾರ್‌ಡ್ಯೂ ವ್ಯಾಲಿಯಲ್ಲಿ ಮೂರನೇ ವರ್ಷದ ಮೊದಲ ದಿನ ಅಜ್ಜ ಬಂದು ನಿನ್ನ ಹೊಲ ಹೇಗಿದೆ ಅಂತ ನೋಡಿ ಹೋಗುತ್ತಾನೆ, ಆಮೇಲೂ ಹೊಲ ಇರುತ್ತದೆ. ಈ ಒಂಬತ್ತು ಹಬ್ಬಕ್ಕೆ ಬರುವ ನೆಂಟರ ಹಾಗೆ. ಬಂದಾಗ ಸಂತೋಷ, ಬರದಿದ್ದರೆ ಬಾಕಿ ಏನಿಲ್ಲ. ತೆಗೆದೆ. ಉಳಿದದ್ದು 52.

52ಕ್ಕೆ ಶೀಟ್ ಹೀಗೆ: ಎ ಕಾಲಂನಲ್ಲಿ ಹೆಸರು, ಬಿಯಲ್ಲಿ ಕೊನೆಗೆ ಆಡಿದ ತಿಂಗಳು, ಸಿಯಲ್ಲಿ ಆಡಿದ ಗಂಟೆ, ಡಿಯಲ್ಲಿ ಪೂರ್ತಿ ಗಂಟೆ, ಇಯಲ್ಲಿ ಉಳಿದದ್ದು.

```
E2:   =MAX(0, D2-C2)
E55:  =SUM(E2:E53)/6
```

ಕೊನೆಯ ಸಾಲು ವಾರಗಳ ಸಂಖ್ಯೆ. ಮೊದಲು ಡಿ ಕಾಲಂನಲ್ಲಿ ಆ ತಾಣದ `Completionist` ಅಂಕಿ ಹಾಕಿ ಕೆಟ್ಟೆ. ಅದು ಮೂಲೆ ಮೂಲೆ ಗುಡಿಸುವವರ ಲೆಕ್ಕ. ವಿಚರ್ 3 ಅನ್ನುವ ದೊಡ್ಡ ಆಟಕ್ಕೆ ಬರೀ ಕಥೆಯ ಲೆಕ್ಕ `Main Story` 50 ಗಂಟೆಯ ಆಸುಪಾಸು, `Completionist` 170 ದಾಟುತ್ತದೆ. ಎಲ್ಲವನ್ನೂ `Main Story`ಗೆ ಬದಲಿಸಿದ ಮೇಲೆ 780 ಗಂಟೆ, 130 ವಾರ ಬಂತು. ಇನ್ನೂ ಎರಡೂವರೆ ವರ್ಷ.

ಈ ಸೂತ್ರದಲ್ಲಿ ಒಂದು ಸುಳ್ಳಿದೆ, ಅದು ಗೊತ್ತಾದದ್ದು ಮುಂದಿನ ವಾರ.

ಮೇ 4ರಿಂದ 10. ವಿಚರ್ 3

ಆಡಿದ್ದು 38 ಗಂಟೆ. ಬಿಟ್ಟು ಎರಡು ವರ್ಷ. ಶೀಟ್ ಪ್ರಕಾರ ಇನ್ನು 13 ಗಂಟೆ. ಎರಡು ವಾರದ ಕೆಲಸ ಅಂತ ಹುಮ್ಮಸ್ಸಿನಿಂದ ತೆರೆದೆ.

ನಿಂತಿದ್ದದ್ದು ನೊವಿಗ್ರಾಡ್ ಪಟ್ಟಣದಲ್ಲಿ, ಅಲ್ಲಿನ ಕಥೆ ಆಗಷ್ಟೇ ಶುರುವಾಗಿತ್ತು. ಆ 38 ಗಂಟೆಯಲ್ಲಿ ಅರ್ಧಕ್ಕೂ ಹೆಚ್ಚು ಹೊತ್ತು ನಾನು ವೆಲೆನ್‌ನ ಜೌಗು ನೆಲದಲ್ಲಿ ನಕ್ಷೆಯ ಪ್ರಶ್ನಾರ್ಥಕ ಚಿಹ್ನೆಗಳ ಹಿಂದೆ ಓಡಾಡಿದ್ದೆ, ಆಟದೊಳಗೇ ಇರುವ ಇಸ್ಪೀಟಿನಂಥ ಎಲೆಯಾಟ ಆಡಿದ್ದೆ. ಕಥೆ ಮುಂದೆ ಹೋಗಿರಲೇ ಇಲ್ಲ. ದೊಡ್ಡ ಓಪನ್ ವರ್ಲ್ಡ್ ಆಟಗಳಲ್ಲಿ ಡಿಯಿಂದ ಸಿ ಕಳೆದರೆ ಉತ್ತರ ತಪ್ಪು ಬರುವುದು ಹೀಗೆ.

ಸರಿಯಾದ ಅಂದಾಜಿಗೆ ಈ ದಾರಿ ಕಂಡುಕೊಂಡೆ. ಯಾರಾದರೂ ಕಥೆಯನ್ನಷ್ಟೇ ಆಡಿ ಹಾಕಿದ ವಿಡಿಯೋ ಪ್ಲೇಲಿಸ್ಟ್ ತೆಗೆಯಬೇಕು. ನಾವು ನಿಂತಿರುವ ಕ್ವೆಸ್ಟ್‌ನ, ಅಂದರೆ ಆಟ ಒಪ್ಪಿಸಿದ ಕೆಲಸದ, ಹೆಸರು ಎಷ್ಟನೇ ಭಾಗದಲ್ಲಿದೆ ನೋಡಬೇಕು. ನಾನು ನೋಡಿದ ಪಟ್ಟಿಯಲ್ಲಿ 60 ಭಾಗ ಇದ್ದವು, `Pyres of Novigrad` 22ನೆಯದರಲ್ಲಿತ್ತು. ಅಂದರೆ ನೂರಕ್ಕೆ 63 ಪಾಲು ಬಾಕಿ. 13 ಗಂಟೆ ಅಲ್ಲ, 32 ಗಂಟೆ.

ಆದರೂ ಬರೀ ಗಂಟೆ ನೋಡಿ ಬಿಡುವುದು ಬೇಡ ಅಂತ ಒಂದು ಪರೀಕ್ಷೆ ಇಟ್ಟುಕೊಂಡೆ. ಮೂರು ಸಲ ಕೂರುವುದು, ಒಂದೊಂದು ಸಲ 45 ನಿಮಿಷ. ಮೊದಲ ಸಲ ಕಥೆಯ ತಂಟೆ ಬೇಡ, ಬರೀ ಕೈ ಪಳಗಿಸುವುದು. ಎರಡನೇ ಸಲ ಮುಖ್ಯ ಕಥೆಯ ಒಂದೇ ಕ್ವೆಸ್ಟ್. ಮೂರನೇ ಸಲಕ್ಕೆ ದಿನ ಗೊತ್ತು ಮಾಡಬಾರದು. ಒಂದು ವಾರದೊಳಗೆ ತಾನಾಗಿ ಮನಸ್ಸು ಬಂದು ತೆರೆದರೆ ತೆರೆದಂತೆ. ಮೊದಲ ಎರಡು ಸಲದಲ್ಲಿ ಫೋನ್ ಎಷ್ಟು ಬಾರಿ ಕೈಗೆ ಬಂತು ಅಂತ ನೋಟ್‌ಬುಕ್‌ನಲ್ಲಿ ಗೀಟು ಎಳೆಯಬೇಕು.

ಮೊದಲ ಸಲ: ಆಟ ತೆರೆಯುವಾಗಲೇ ಹಿಂದಿನ ಕಥೆ ಚುಟುಕಾಗಿ ಹೇಳುತ್ತದೆ, ಒಳ್ಳೆಯ ಏರ್ಪಾಡು. ಆದರೆ ಕೈಗೆ ಏನೂ ನೆನಪಿಲ್ಲ. ರಕ್ಷಣೆಯ ಮಂತ್ರ ಕ್ವೆನ್ ಹಾಕಲು ಹೋಗಿ ಬೆಂಕಿಯ ಮಂತ್ರ ಇಗ್ನಿ ಹಾಕಿದೆ. ಮೊದಲ ಹಳ್ಳಿಯ ಮಟ್ಟದ ಡ್ರೌನರ್ ಅನ್ನುವ ನೀರಿನ ಪಿಶಾಚಿಗಳು ಮೂರು ಸಲ ಸಾಯಿಸಿದವು. ಹಿಂದೆ ಜಂಬದಲ್ಲಿ ಅತಿ ಕಠಿಣ ಮಟ್ಟ ಇಟ್ಟಿದ್ದೆ, ಇಳಿಸಿದೆ. ಆಟದ ಮಧ್ಯದಲ್ಲೂ ಇಳಿಸಬಹುದು, ನಾಚಿಕೆ ಬೇಡ. ಗೀಟು 9.

ಎರಡನೇ ಸಲ: ಜರ್ನಲ್ ತೆರೆದರೆ ಅರ್ಧಕ್ಕೆ ಬಿಟ್ಟ ಚಿಲ್ಲರೆ ಕೆಲಸಗಳೇ ನಲವತ್ತರ ಮೇಲೆ. ಆಟದೊಳಗೂ ಒಂದು ಬಾಕಿ ಪುಸ್ತಕ! ಮುಖ್ಯ ಕ್ವೆಸ್ಟ್ ಒಂದನ್ನೇ ಹಿಡಿದೆ. ಯಾರ ಜೊತೆ ಮಾತಾಡುತ್ತಿದ್ದೇನೆ, ಅವನು ಸ್ನೇಹಿತನೋ ವೈರಿಯೋ ಒಂದೂ ನೆನಪಾಗಲಿಲ್ಲ. ಗೀಟು 11.

ಮೂರನೇ ಸಲ ಬರಲೇ ಇಲ್ಲ. ಶನಿವಾರ ಮುಂಜಾನೆ ಐದೂವರೆಗೆ ಎದ್ದು ಸ್ಕೂಟರ್ ತೊಳೆದೆ.

ಮೇ 10ರ ರಾತ್ರಿ ಕಥೆಯ ಕೊನೆಯನ್ನು ವಿಡಿಯೋದಲ್ಲಿ 40 ನಿಮಿಷ ನೋಡಿದೆ. ನಾಯಕ ಗೆರಾಲ್ಟ್‌ಗೆ ಅವನು ಹುಡುಕುತ್ತಿದ್ದ ಸಿರಿ ಸಿಕ್ಕಳೋ ಇಲ್ಲವೋ ಅನ್ನುವುದಷ್ಟೇ ನನ್ನನ್ನು ಎರಡು ವರ್ಷ ಕಾಡಿತ್ತು ಅಂತ ಆಗ ತಿಳಿಯಿತು. ಅದಕ್ಕೆ 32 ಗಂಟೆ ಬೇಕಿರಲಿಲ್ಲ. ಶೀಟ್‌ನಲ್ಲಿ “ಬಾರದ ಬಾಕಿ” ಅಂತ ಬರೆದೆ. ಆಡಿದ 38 ಗಂಟೆ? ಅದು ಖರ್ಚಾದ ದುಡ್ಡು, ಮುಂದಿನ ಸರಕಿನ ದರಕ್ಕೂ ಅದಕ್ಕೂ ಸಂಬಂಧ ಇಲ್ಲ.

ಮೇ 11ರಿಂದ 17. ಹಾಲೋ ನೈಟ್

ಇದನ್ನೂ ಬಿಡುತ್ತೇನೆ ಅಂತಲೇ ಕೂತೆ. 19 ಗಂಟೆ ಆಡಿ, ವಾಚರ್ ನೈಟ್ಸ್ ಅನ್ನುವ ಕಾವಲು ಯೋಧರ ಎದುರು ಸೋತು ಸೋತು ಒಂದೂವರೆ ವರ್ಷದ ಹಿಂದೆ ಬಿಟ್ಟಿದ್ದೆ. ಹಳೆಯ ಸೇವ್ ತೆರೆದ ತಕ್ಷಣ ಎದುರಿಗೇ ಆ ಕೋಣೆ. ಹತ್ತು ನಿಮಿಷದಲ್ಲಿ ಐದು ಸಲ ಸತ್ತು ಮುಚ್ಚಿದೆ.

ಇಲ್ಲಿ ನನ್ನ ಪರೀಕ್ಷೆಯೇ ತಪ್ಪಿತ್ತು. ಕೈ ಚಳಕದ ಆಟವನ್ನು ಅತಿ ಕಷ್ಟದ ಜಾಗದಲ್ಲಿ ಬಿಟ್ಟು, ಅದೇ ಜಾಗದಿಂದ ಕೈ ಪಳಗಿಸಲು ಹೊರಟರೆ ಯಾರಿಗಾದರೂ ಬೇಸರವೇ. ಈ ಆಟದಲ್ಲಿ ನಾಲ್ಕು ಸೇವ್ ಜಾಗಗಳಿವೆ. ಎರಡನೆಯದರಲ್ಲಿ ಹೊಸದಾಗಿ ಶುರು ಮಾಡಿದೆ. ಎದುರಾಳಿಗಳಲ್ಲಿ ಮೊದಲು ಫಾಲ್ಸ್ ನೈಟ್, ಆಮೇಲೆ ಗ್ರೀನ್‌ಪಾತ್‌ನಲ್ಲಿ ಹಾರ್ನೆಟ್, ಅವಳನ್ನು ಸೋಲಿಸಿದರೆ ಥಟ್ಟನೆ ಮುನ್ನುಗ್ಗುವ ಡ್ಯಾಶ್ ಸಿಗುತ್ತದೆ. ಅಲ್ಲಿಯವರೆಗೆ ಎರಡೂವರೆ ಗಂಟೆ ಆಯಿತು. ಬೆರಳುಗಳು ಮೊದಲು ಎಚ್ಚರಾದವು, ತಲೆ ಆಮೇಲೆ. ಹಾರ್ನೆಟ್ ಎದುರು ಎಂಟು ಸಲ ಸತ್ತೆ. ಒಮ್ಮೆಯೂ ಫೋನ್ ಕಡೆ ನೋಡಲಿಲ್ಲ. ಸತ್ತ ಮರುಕ್ಷಣ ಮತ್ತೆ ಅದೇ ಕಡೆ ಓಡುತ್ತಿದ್ದೆ.

ಬಿಡಬೇಕೋ ಬೇಡವೋ ಅಂತ ತಿಳಿಯಲು ನನಗೆ ಸಿಕ್ಕ ಗಟ್ಟಿ ಗುರುತು ಇದು: ಸೋತ ಮೇಲೆ ಕೈ ಎಲ್ಲಿಗೆ ಹೋಗುತ್ತದೆ? ವಿಚರ್‌ನಲ್ಲಿ ಸೋತಾಗ ಫೋನ್‌ಗೆ ಹೋಗಿತ್ತು.

ಕೈ ಪಳಗಿದ ಮೇಲೆ ಹಳೆಯ ಸೇವ್‌ಗೆ ಮರಳಿದೆ. ಆ ಕೋಣೆಗೆ ಹೋಗುವ ಮುನ್ನ, ಮೇಲಿನ ಒಂದು ಗುಪ್ತ ಜಾಗದಿಂದ ತೂಗುದೀಪವನ್ನು ಕೆಡವಿದರೆ ಆರು ನೈಟ್‌ಗಳಲ್ಲಿ ಒಬ್ಬ ಮೊದಲೇ ಸಾಯುತ್ತಾನೆ. ಹಿಂದಿನ ಸಲ ಇದು ಗೊತ್ತಿರಲಿಲ್ಲ. ಮೇ 17ರ ಮುಂಜಾನೆ, ಹದಿನಾಲ್ಕನೇ ಪ್ರಯತ್ನಕ್ಕೆ ಐವರೂ ಬಿದ್ದರು. ಕೂಗಿದ್ದಕ್ಕೆ ಅವ್ವ ಓಡಿ ಬಂದಳು.

ಶೀಟ್‌ನಲ್ಲಿ “ಆಡುತ್ತಿರುವುದು” ಅಂತ ಬರೆದೆ.

ಮೇ 18. ಅಳಿಸುವ ಹೆದರಿಕೆ

ರೆಡ್ ಡೆಡ್ ರಿಡೆಂಪ್ಷನ್ 2. ಆಟ ಕೇಳುವ ಜಾಗ 150 ಜಿಬಿ, ನನ್ನ ಡಿಸ್ಕ್‌ನಲ್ಲಿ ಹಿಡಿದದ್ದು ಸುಮಾರು 120. ಎರಡನೇ ಅಧ್ಯಾಯದಲ್ಲಿ 14 ಗಂಟೆಗೆ ನಿಂತಿದೆ. ಇಷ್ಟ ಇದೆ, ಈಗ ಬೇಡ. ಆದರೂ ಅಳಿಸಲು ಆಗುತ್ತಿಲ್ಲ. ಯಾಕೆ? ಮತ್ತೆ ಇಳಿಸಿಕೊಳ್ಳಬೇಕಲ್ಲ ಅಂತ.

ಲೆಕ್ಕ ಮಾಡಿದೆ. ನಮ್ಮ ಮನೆಯ ಲೈನ್ 30 ಎಂಬಿಪಿಎಸ್. 120 ಜಿಬಿ ಅಂದರೆ 9,60,000 ಮೆಗಾಬಿಟ್. ಭಾಗಿಸಿದರೆ 32,000 ಸೆಕೆಂಡ್, ಸುಮಾರು 9 ಗಂಟೆ. ರಾತ್ರಿ ಹಚ್ಚಿ ಮಲಗಿದರೆ ಮುಂಜಾನೆಗೆ ಸಿದ್ಧ. ನಡುವೆ ಕರೆಂಟ್ ಹೋದರೂ ಸ್ಟೀಮ್ ನಿಂತಲ್ಲಿಂದ ಮುಂದುವರಿಸುತ್ತದೆ. ಒಂದು ರಾತ್ರಿಗೆ ಹೆದರಿ ಎರಡು ವರ್ಷ ಕಾಲು ಭಾಗ ಡಿಸ್ಕ್ ಕಟ್ಟಿಹಾಕಿದ್ದೆ.

ಅಳಿಸುವ ಮೊದಲು ಸೇವ್ ಉಳಿಸಿಕೊಳ್ಳಬೇಕು. ಆಟ ಮತ್ತೆ ಸಿಗುತ್ತದೆ, ಸೇವ್ ಸಿಗುವುದಿಲ್ಲ. ಸೇವ್‌ನ ಪ್ರತಿಯನ್ನು ಆನ್‌ಲೈನ್‌ನಲ್ಲಿ ಇಡುವ ಸ್ಟೀಮ್ ಕ್ಲೌಡ್ ಇರುವ ಆಟಗಳಿಗೆ ಚಿಂತೆ ಕಡಿಮೆ, ಆದರೆ ಎಲ್ಲ ಆಟಕ್ಕೂ ಅದು ಇಲ್ಲ. ಆಟದ ಅಂಗಡಿ ಪುಟದಲ್ಲಿ `Steam Cloud` ಅಂತ ಬರೆದಿರುತ್ತದೆ, ನೋಡಿಕೊಳ್ಳಿ. ಸೇವ್ ಇರುವ ಜಾಗವೂ ಒಂದೊಂದು ಆಟಕ್ಕೆ ಒಂದೊಂದು ಕಡೆ. ಕೆಲವು ಡಾಕ್ಯುಮೆಂಟ್ಸ್‌ನಲ್ಲಿ, ಕೆಲವು ಆ್ಯಪ್‌ಡೇಟಾದಲ್ಲಿ, ಕೆಲವು ಹಳೆಯವು ಆಟದ ಫೋಲ್ಡರ್ ಒಳಗೇ. ಎಕ್ಸ್‌ಟರ್ನಲ್ ಡಿಸ್ಕ್‌ಗೆ, ಅಂದರೆ `E:`ಗೆ, ಒಂದು ಬ್ಯಾಚ್ ಫೈಲ್ ಬರೆದು ನಾನು ನಕಲು ಮಾಡಿದ್ದು ಹೀಗೆ:

```
robocopy "%USERPROFILE%\Documents\The Witcher 3\gamesaves" "E:\saves\witcher3" /E
robocopy "%USERPROFILE%\AppData\LocalLow\Team Cherry\Hollow Knight" "E:\saves\hollow" /E
```

ಡಾಕ್ಯುಮೆಂಟ್ಸ್ ಫೋಲ್ಡರ್ ಒನ್‌ಡ್ರೈವ್‌ಗೆ ಹೋಗಿದ್ದರೆ ಈ ದಾರಿ ಬದಲಾಗುತ್ತದೆ. ನಕಲಾದ ಮೇಲೆ ಫೋಲ್ಡರ್ ತೆರೆದು ಕೊನೆಯ ಫೈಲ್‌ನ ದಿನಾಂಕ ನೋಡಿ.

ಈಗ ದೊಡ್ಡ ಎಡವಟ್ಟು. ಮೊದಲು ನಾನು `/E` ಬದಲು `/MIR` ಬರೆದಿದ್ದೆ. ಎಲ್ಲೋ ನೋಡಿದ್ದು. `/MIR` ಅಂದರೆ ಎರಡೂ ಕಡೆ ಕನ್ನಡಿಯ ಹಾಗೆ ಒಂದೇ ಥರ ಮಾಡು ಅಂತ. ಮೊದಲ ಸಲ ಸರಿಯಾಗಿ ನಕಲು ಮಾಡಿತು. ಆಮೇಲೆ ಒಂದು ಟವರ್ ಡಿಫೆನ್ಸ್ ಆಟವನ್ನು ಅಳಿಸಿ, ಅದರ ಸೇವ್ ಫೋಲ್ಡರ್ ಕೂಡ ಖಾಲಿ ಮಾಡಿದೆ. ಸಂಜೆ ಅದೇ ಬ್ಯಾಚ್ ಫೈಲ್ ಇನ್ನೊಮ್ಮೆ ಓಡಿಸಿದೆ. ಈ ಕಡೆ ಖಾಲಿ ಇತ್ತಲ್ಲ, ಆ ಕಡೆಯೂ ಖಾಲಿ ಮಾಡಿತು. 11 ಗಂಟೆಯ ಸೇವ್ ಹೋಯಿತು. ಆ ಆಟಕ್ಕೆ ಕ್ಲೌಡ್ ಇರಲಿಲ್ಲ.

ಅರ್ಧ ಗಂಟೆ ನನ್ನನ್ನು ನಾನೇ ಬೈದುಕೊಂಡೆ. ಮೂರು ದಿನ ಬಿಟ್ಟು ನೆನಪಾದಾಗ ಗಮನಿಸಿದೆ: ದುಃಖ ಇಲ್ಲ. ಆ ಆಟವನ್ನು ಶೀಟ್‌ನಲ್ಲಿ “ಖಂಡಿತ ಮುಗಿಸಬೇಕು” ಅಂತ ಹಳದಿ ಬಣ್ಣ ಹಚ್ಚಿ ಇಟ್ಟಿದ್ದೆ! ಅವತ್ತಿನಿಂದ ಉಳಿದ ಆಟಗಳಿಗೆಲ್ಲ ಈ ಪ್ರಶ್ನೆ ಕೇಳಿದೆ: ಈ ಸೇವ್ ಇವತ್ತು ರಾತ್ರಿ ಹೋದರೆ ನಾನು ಮೊದಲಿನಿಂದ ಶುರು ಮಾಡುತ್ತೇನಾ, ಇಲ್ಲ ಉಸ್ಸಪ್ಪಾ ಅನ್ನುತ್ತೇನಾ? ಒಂದೇ ಕೂರುವಿಕೆಯಲ್ಲಿ 17 ಆಟಗಳಿಗೆ ಉಸ್ಸಪ್ಪಾ ಬಂತು. ಅವಕ್ಕೆ 45 ನಿಮಿಷದ ಪರೀಕ್ಷೆಯೂ ಬೇಕಾಗಲಿಲ್ಲ.

ಮೇ 25. “ಆಮೇಲೆ” ಅನ್ನುವ ಗುಂಡಿ

ಇನ್ನೊಂದು ತಪ್ಪು ಒಪ್ಪಿಕೊಳ್ಳಬೇಕು. ರೆಡ್ ಡೆಡ್‌ಗಾಗಿ “ಆಮೇಲೆ” ಅಂತ ಒಂದು ಗುಂಪು ಮಾಡಿದ್ದೆ. ಒಂದು ವಾರದಲ್ಲಿ ಅದರಲ್ಲಿ 27 ಆಟ ಸೇರಿದ್ದವು. ಹಾರ್ಡ್ ಡಿಸ್ಕ್ ಕೊಂಡ ತಪ್ಪನ್ನೇ ಈ ಸಲ ದುಡ್ಡಿಲ್ಲದೆ ಮಾಡಿದ್ದೆ.

ಈಗ ಆ ಗುಂಪಿಗೆ ಐದೇ ಜಾಗ. ಒಂದೊಂದಕ್ಕೂ ತಿಂಗಳ ಹೆಸರು ಬೇಕು. ಆರನೆಯದು ಬರಬೇಕಾದರೆ ಒಂದು ಹೋಗಬೇಕು. ರೆಡ್ ಡೆಡ್‌ಗೆ ಆಗಸ್ಟ್ ಬರೆದೆ. ಮಳೆ ಹಿಡಿದಿರುತ್ತದೆ, ಲ್ಯಾಪ್‌ಟಾಪ್ ತಣ್ಣಗಿರುತ್ತದೆ, ತೊಗರಿ ಇನ್ನೂ ಹೊಲದಲ್ಲಿರುತ್ತದೆ. ಐದರಲ್ಲಿ ಜಾಗ ಸಿಗದ 22 ಆಟಗಳು ಬಾರದ ಬಾಕಿಗೆ ಹೋದವು. ಅದರಲ್ಲಿ ಮೂರಕ್ಕೆ ಮಾತ್ರ ಕೈ ನಡುಗಿತು.

ಕೈ ನಡುಗಿದಾಗ ಸ್ಟೀಮ್‌ನ ಸಾಧನೆಗಳ ಪುಟ ನೋಡಿದೆ. ಕಥೆಯ ಕೊನೆಯ ಸಾಧನೆಯನ್ನು ನೂರಕ್ಕೆ ಎಷ್ಟು ಜನ ಪಡೆದಿದ್ದಾರೆ ಅಂತ ಅಲ್ಲಿರುತ್ತದೆ. ನನ್ನ ದೊಡ್ಡ ಆಟಗಳಲ್ಲಿ ಬಹಳಷ್ಟಕ್ಕೆ ಅದು ಅರ್ಧಕ್ಕಿಂತ ಕೆಳಗೇ ಇತ್ತು. ದುಡ್ಡು ಕೊಟ್ಟು ಅರ್ಧಕ್ಕೆ ಬಿಟ್ಟವನು ನಾನೊಬ್ಬನೇ ಅಲ್ಲ.

ಜೂನ್ 1. ಪುಸ್ತಕದಿಂದ ತೆಗೆಯುವುದು

ಬಿಟ್ಟ ಆಟ ಕಣ್ಣಿಗೆ ಬೀಳುತ್ತಿದ್ದರೆ ಬಿಟ್ಟಂತೆ ಅಲ್ಲ. ಸ್ಟೀಮ್‌ನಲ್ಲಿ ಆಟದ ಮೇಲೆ ರೈಟ್ ಕ್ಲಿಕ್, `Manage`, ಅದರಲ್ಲಿ `Hide this game`. ಪಟ್ಟಿಯಿಂದ ಮಾಯ. ಬೇಕಾದರೆ `View` ಮೆನುವಿನ `Hidden Games`ನಲ್ಲಿ ಮತ್ತೆ ಸಿಗುತ್ತದೆ. ಖಾತೆಯಿಂದಲೇ ಶಾಶ್ವತವಾಗಿ ತೆಗೆಯುವ ದಾರಿಯೂ ಸಪೋರ್ಟ್ ಪುಟದಲ್ಲಿದೆ. ನಾನು ಆ ಕಡೆ ಹೋಗಲಿಲ್ಲ, ಬಚ್ಚಿಡುವುದೇ ಸಾಕು. ತೆರೆಯದ ಸರಕನ್ನೂ ಹೀಗೇ ಬಚ್ಚಿಟ್ಟೆ. ಸ್ಟೀಮ್ ಪಟ್ಟಿ 96ರಿಂದ 19ಕ್ಕೆ ಇಳಿಯಿತು.

ಲೆಕ್ಕ: 52ರಲ್ಲಿ ಮುಗಿದದ್ದು 3, ಆಡುತ್ತಿರುವುದು 2, ತಿಂಗಳು ಗೊತ್ತಾದವು 5, ಬಿಟ್ಟವು 42. ಬಿಟ್ಟ 42ಕ್ಕೆ ನಾನು ಕೊಟ್ಟ ದುಡ್ಡು 9,870 ರೂಪಾಯಿ. ಹೊಟ್ಟೆ ಉರಿಯಿತು. ಸ್ಟೀಮ್‌ನಲ್ಲಿ ದುಡ್ಡು ವಾಪಸ್ ಕೇಳುವುದಕ್ಕೆ ಕೊಂಡು 14 ದಿನದೊಳಗೆ ಇರಬೇಕು, 2 ಗಂಟೆಗಿಂತ ಕಡಿಮೆ ಆಡಿರಬೇಕು. ಈ 42ಕ್ಕೆ ಆ ಗಡುವು ಮುಗಿದು ವರ್ಷಗಳಾಗಿವೆ. ಹೊಸದಾಗಿ ಕೊಂಡರೆ ಅವತ್ತೇ ಒಂದೂವರೆ ಗಂಟೆ ಆಡಿ ತೀರ್ಮಾನ ಮಾಡಬೇಕು ಅಂತ ನೋಟ್‌ಬುಕ್‌ನ ರಟ್ಟಿನ ಮೇಲೆ ಬರೆದಿದ್ದೇನೆ.

ಶೀಟ್‌ನ ಕೊನೆಯ ಸಾಲಿನಲ್ಲಿ ಈಗ 84 ಗಂಟೆ, 14 ವಾರ. ಎಸ್‌ಎಸ್‌ಡಿಯಲ್ಲಿ 271 ಜಿಬಿ ಖಾಲಿ. ವಿಂಡೋಸ್ ಅಪ್‌ಡೇಟ್ ಆಯಿತು.

ಜೂನ್ 29. ಸೇಲ್

ಸ್ಟೀಮ್‌ನ ಬೇಸಿಗೆ ಸೇಲ್ ನಡೆಯುತ್ತಿದೆ. ವಿಶ್‌ಲಿಸ್ಟ್‌ನಲ್ಲಿ 38 ಆಟ ಇದ್ದವು, 12ಕ್ಕೆ ರಿಯಾಯಿತಿ ಅಂತ ಮೇಲ್ ಬಂತು. ಎರಡು ಸಲ ಕಾರ್ಟ್ ತುಂಬಿಸಿ ಎರಡು ಸಲ ಖಾಲಿ ಮಾಡಿದೆ. ಕೊನೆಗೆ ಒಂದು ಕೊಂಡೆ, ಇನ್‌ಸೈಡ್. ಮೂರೂವರೆ ಗಂಟೆಯ ಆಟ, ಎರಡು ಮುಂಜಾನೆಗೆ ಮುಗಿಯುತ್ತದೆ. ಎಪಿಕ್‌ನ ಬಿಟ್ಟಿ ಆಟಗಳನ್ನು ಈ ನಾಲ್ಕು ಗುರುವಾರದಲ್ಲಿ ಮೂರು ಸಲ ಬಿಟ್ಟೆ. ನಾಲ್ಕನೇ ಸಲ ಬೆರಳು ತಾನೇ ಒತ್ತಿತು, ಸರಕಿನ ಹಾಳೆಗೆ ಹೋಯಿತು.

ಬೀದರ್‌ನಲ್ಲಿ ಓದುವ ತಮ್ಮ ರಜೆಗೆ ಬಂದಿದ್ದಾನೆ. ಲ್ಯಾಪ್‌ಟಾಪ್ ತೆರೆದವನೇ, “ಅಣ್ಣಾ, ನಿನ್ನ ಆಟ ಎಲ್ಲಾ ಎಲ್ಲಿ ಹೋದ್ವೋ? ಮಾರಿದ್ಯೇನು?” ಅಂದ. ಬಚ್ಚಿಟ್ಟ ಪಟ್ಟಿ ತೋರಿಸಿದೆ. ಒಂದೊಂದೇ ನೋಡುತ್ತಾ ಹೋಗಿ ವಿಚರ್ 3ರ ಮೇಲೆ ನಿಂತ. ಹೊಸ ಸೇವ್, ಮೊದಲ ಹಳ್ಳಿಯಿಂದ ಶುರು ಮಾಡಿದ. ಎರಡು ದಿನದಿಂದ ನನಗೆ ಲ್ಯಾಪ್‌ಟಾಪ್ ಸಿಗುತ್ತಿಲ್ಲ.

“ಮುಗಸ್ತೀಯೇನೋ?” ಅಂತ ಕೇಳಿದೆ.

“ತಡೀ ಅಣ್ಣಾ,” ಅಂದ, “ಈ ಎಲೆಯಾಟ ಒಂದು ಗೆಲ್ತೀನಿ.”